ಛೇದದೊಳಗೆ ಅಡಗಿ ಕುಳಿತ ಕೋನ

ದ್ವಿತೀಯ ಪಿಯುಸಿ ಗಣಿತದಲ್ಲಿ ಇಂಟಿಗ್ರೇಷನ್, ಅಂದರೆ ಅನುಕಲನ, ಶುರುವಾಗಿ ಕೆಲವು ದಿನಗಳಾಗುವಷ್ಟರಲ್ಲಿ ಒಂದು ವಿಚಿತ್ರ ಜಾತಿಯ ಲೆಕ್ಕ ಎದುರಾಗುತ್ತದೆ. ಅಂಶದಲ್ಲಿ ಬರೀ 1, ಛೇದದಲ್ಲಿ ಒಂದು ವರ್ಗೋಕ್ತಿ. ಉದಾಹರಣೆಗೆ ಇದು:

∫ dx / (2x² + 6x + 5)

ಲೆಕ್ಕದಲ್ಲಿ ಎಲ್ಲೂ ತ್ರಿಭುಜವಿಲ್ಲ, ಕೋನವಿಲ್ಲ, ಸೈನ್-ಕಾಸ್‌ಗಳ ಸುಳಿವಿಲ್ಲ. ಆದರೆ ಉತ್ತರ ಮಾತ್ರ tan⁻¹(2x + 3) ಎಂದು ಬರುತ್ತದೆ. ಬಹುತೇಕ ವಿದ್ಯಾರ್ಥಿಗಳು ಇದನ್ನು ಸೂತ್ರವೆಂದು ಒಪ್ಪಿಕೊಂಡು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಕೂಡುವುದು, ಗುಣಿಸುವುದು ಬಿಟ್ಟರೆ ಬೇರೇನೂ ಇಲ್ಲದ ಉಕ್ತಿಯೊಳಗಿಂದ ಕೋನವೊಂದು ಎದ್ದು ಬಂದದ್ದು ಹೇಗೆ?

ಸೂತ್ರಗಳ ಪಟ್ಟಿಯಲ್ಲಿ ಇದಕ್ಕೆ ಹತ್ತಿರವಾದದ್ದು ಒಂದೇ. ಛೇದ x² + a² ರೂಪದಲ್ಲಿದ್ದರೆ ಉತ್ತರ (1/a) tan⁻¹(x/a), ಜೊತೆಗೊಂದು ಸ್ಥಿರಾಂಕ. ನಮ್ಮ ಛೇದ ಆ ರೂಪದಲ್ಲಿಲ್ಲ. ನಡುವೆ 6x ಬಂದು ಕುಳಿತಿದೆ. ಅದನ್ನು ಕಳೆದುಹಾಕುವಂತಿಲ್ಲ, ವರ್ಗದೊಳಗೆ ಸೇರಿಸಿಕೊಳ್ಳಬಹುದು. ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣ ಬಿಡಿಸಲು ಕಲಿತ ‘ವರ್ಗ ಪೂರ್ಣಗೊಳಿಸುವ ವಿಧಾನ’ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಮೊದಲು 2 ಅನ್ನು ಹೊರಗೆ ತೆಗೆದರೆ ಒಳಗೆ x² + 3x + 5/2 ಉಳಿಯುತ್ತದೆ. x ನ ಸಹಗುಣಕ 3. ಅದರ ಅರ್ಧ 3/2. ಅರ್ಧದ ವರ್ಗ 9/4. ಇದನ್ನು ಕೂಡಿಸಿ ಕಳೆದರೆ,

2x² + 6x + 5 = 2[(x + 3/2)² + 1/4]

x + 3/2 ಅನ್ನು ಒಂದೇ ಚರವೆಂದು ಭಾವಿಸಿದರೆ ಇದು ಪಟ್ಟಿಯಲ್ಲಿದ್ದ ರೂಪವೇ, a ಬೆಲೆ 1/2. ಹೊರಗಿನ 2 ಛೇದದಲ್ಲಿರುವುದರಿಂದ ಉತ್ತರವನ್ನು ಅರ್ಧ ಮಾಡುತ್ತದೆ, ಸೂತ್ರದ 1/a ಅದನ್ನು ಎರಡರಷ್ಟು ಮಾಡುತ್ತದೆ. ಎರಡೂ ಹೊಡೆದುಹೋಗಿ tan⁻¹(2x + 3) ಉಳಿಯುತ್ತದೆ.

ಈ ದಾರಿಯಲ್ಲಿ ಕಾಡುವುದು ಭಿನ್ನರಾಶಿಗಳು. ಸಹಗುಣಕಗಳು ಸ್ವಲ್ಪ ಒರಟಾಗಿದ್ದರೆ ಅರ್ಧದ ಅರ್ಧ, ಅದರ ವರ್ಗ ಎಂದು ಪುಟ ತುಂಬುತ್ತದೆ. ಇದನ್ನು ತಪ್ಪಿಸುವ ಉಪಾಯ ಕಲನಶಾಸ್ತ್ರ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಭಾರತದಲ್ಲಿ ಬಳಕೆಯಲ್ಲಿತ್ತು. ಗಣಿತಜ್ಞ ಶ್ರೀಧರನ ಬೀಜಗಣಿತ ಗ್ರಂಥ ಈಗ ಉಳಿದಿಲ್ಲ. ಆದರೆ ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯ ತನ್ನ ‘ಬೀಜಗಣಿತ’ದಲ್ಲಿ ಶ್ರೀಧರನ ಹೆಸರು ಹೇಳಿಯೇ ಅವನ ನಿಯಮವನ್ನು ಎತ್ತಿಕೊಟ್ಟಿದ್ದಾನೆ. (ಈ ಭಾಸ್ಕರಾಚಾರ್ಯನ ಊರು ನಮ್ಮ ವಿಜಯಪುರವೇ ಎಂಬ ವಾದವೂ ಇದೆ, ಮಹಾರಾಷ್ಟ್ರದ ಪಾಟಣ ಎಂಬ ವಾದವೂ ಇದೆ, ಆ ಜಗಳ ಇಲ್ಲಿ ಬೇಡ.) ನಿಯಮದ ಸಾರ ಇಷ್ಟು: ವರ್ಗ ಸಮೀಕರಣದ ಎರಡೂ ಬದಿಯನ್ನು x² ಸಹಗುಣಕದ ನಾಲ್ಕರಷ್ಟರಿಂದ ಗುಣಿಸಿ, x ನ ಮೂಲ ಸಹಗುಣಕದ ವರ್ಗವನ್ನು ಎರಡೂ ಬದಿಗೆ ಕೂಡಿಸಿ, ವರ್ಗಮೂಲ ತೆಗೆಯಿರಿ.

ಶ್ರೀಧರನಿಗೆ ಬೇಕಿದ್ದದ್ದು ಸಮೀಕರಣದ ಮೂಲಗಳು. ಅನುಕಲನ ಮಾಡುವವರು ಅದೇ ಹೆಜ್ಜೆಯನ್ನು ಛೇದದ ಮೇಲೆ ಇಡಬಹುದು. ನಮ್ಮ ಲೆಕ್ಕದಲ್ಲಿ x² ಸಹಗುಣಕ 2, ಅದರ ನಾಲ್ಕರಷ್ಟು 8. ಛೇದವನ್ನು 8ರಿಂದ ಗುಣಿಸಿದರೆ 16x² + 48x + 40 ಆಗುತ್ತದೆ. ಇದು (4x + 6)² + 4 ಎಂಬುದು ಕಣ್ಣಿಗೇ ಕಾಣುತ್ತದೆ; ಎಲ್ಲೂ ಭಿನ್ನರಾಶಿಯಿಲ್ಲ. ಛೇದವನ್ನು 8ರಿಂದ ಗುಣಿಸಿದ್ದಕ್ಕೆ ಅಂಶವನ್ನೂ 8ರಿಂದ ಗುಣಿಸಬೇಕು. ಈಗ u = 4x + 6 ಎಂದಿಟ್ಟರೆ dx ಎಂದರೆ du/4. ಹಾಗಾಗಿ ಲೆಕ್ಕ 2 ∫ du/(u² + 4) ಎಂಬಲ್ಲಿಗೆ ಇಳಿಯುತ್ತದೆ. ಉತ್ತರ tan⁻¹(u/2), ಅಂದರೆ ಮತ್ತೆ tan⁻¹(2x + 3). ಸಾಮಾನ್ಯ ರೂಪದಲ್ಲಿ ಹೇಳುವುದಾದರೆ,

4a(ax² + bx + c) = (2ax + b)² + (4ac − b²)

ಇಲ್ಲಿ ಕೊನೆಗೆ ಉಳಿಯುವ 4ac − b² ಎಂಬುದು ಶಾಲೆಯಲ್ಲಿ ‘ಶೋಧಕ’ ಎಂದು ಕಲಿತದ್ದೇ, ಚಿಹ್ನೆ ಮಾತ್ರ ತಿರುಗಿದೆ.

ಇನ್ನು ಕೋನದ ವಿಷಯಕ್ಕೆ ಬರೋಣ. ಉದ್ದನೆಯ ಗೋಡೆಯೊಂದರ ಮೇಲೆ ಅಳತೆಪಟ್ಟಿಯ ಹಾಗೆ ಮೀಟರ್ ಗುರುತುಗಳಿವೆ: ಸೊನ್ನೆಯ ಬಲಕ್ಕೆ 1, 2, 3; ಎಡಕ್ಕೆ −1, −2, −3. ಗೋಡೆಯಿಂದ ಅರ್ಧ ಮೀಟರ್ ದೂರದಲ್ಲಿ, −1.5 ಎಂಬ ಗುರುತಿಗೆ ನೇರ ಎದುರಾಗಿ ಒಬ್ಬರು ಟಾರ್ಚ್ ಹಿಡಿದು ನಿಂತಿದ್ದಾರೆ. ಬೆಳಕಿನ ಚುಕ್ಕೆಯನ್ನು ಗೋಡೆಯ ಮೇಲೆ ಒಂದು ಸೆಂಟಿಮೀಟರ್ ಸರಿಸಲು ಟಾರ್ಚನ್ನು ಎಷ್ಟು ತಿರುಗಿಸಬೇಕು? ಚುಕ್ಕೆ ನೇರ ಎದುರಿಗಿದ್ದಾಗ ಹೆಚ್ಚು ತಿರುಗಿಸಬೇಕು. ಚುಕ್ಕೆ ದೂರ ಹೋದಂತೆ ಕಿರಣ ಉದ್ದವಾಗುತ್ತದೆ, ಮೇಲಾಗಿ ಗೋಡೆಗೆ ಓರೆಯಾಗಿ ಬೀಳುತ್ತದೆ. ಈ ಎರಡೂ ಕಾರಣಕ್ಕೆ ಸ್ವಲ್ಪವೇ ತಿರುಗಿಸಿದರೂ ಚುಕ್ಕೆ ಬಹಳ ದೂರ ಓಡುತ್ತದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ, ಒಂದು ಮೀಟರಿಗೆ ಇಷ್ಟು ಎಂಬ ತಿರುಗುವ ದರ ಸಿಗುತ್ತದೆ: ಟಾರ್ಚಿಗೂ ಗೋಡೆಗೂ ಇರುವ ದೂರವನ್ನು ಕಿರಣದ ಉದ್ದದ ವರ್ಗದಿಂದ ಭಾಗಿಸಬೇಕು. ಕಿರಣದ ಉದ್ದದ ವರ್ಗ ಪೈಥಾಗೊರಸ್ ಪ್ರಮೇಯದಂತೆ (x + 3/2)² + 1/4. ಅರ್ಧವನ್ನು ಇದರಿಂದ ಭಾಗಿಸಿದರೆ ಬರುವುದು 1/(2x² + 6x + 5). ನಮ್ಮ ಲೆಕ್ಕದ ಉಕ್ತಿಯೇ ಅದು, ಒಂದಂಕಿಯೂ ಆಚೀಚೆಯಿಲ್ಲ.

ಛೇದದಲ್ಲಿ ಕೋನ ಅಡಗಿದ್ದ ಬಗೆ ಇದು. ಉಕ್ತಿ ಹೇಳುತ್ತಿದ್ದದ್ದು ತಿರುಗುವ ದರವನ್ನು. ಅದನ್ನು ಅನುಕಲಿಸಿದರೆ ಸಿಗುವುದು ಒಟ್ಟು ತಿರುಗಿದ ಕೋನ. ಟಾರ್ಚ್ ಎಲ್ಲಿದೆ, ಗೋಡೆಯಿಂದ ಎಷ್ಟು ದೂರವಿದೆ ಎಂಬ ವಿಳಾಸವನ್ನು ಓದಿ ಹೇಳುವುದಷ್ಟೇ ವರ್ಗ ಪೂರ್ಣಗೊಳಿಸುವ ಕೆಲಸ. 2x² + 6x + 5 ಎಂಬ ಬರಹದಲ್ಲಿ ಆ ವಿಳಾಸ ಕಾಣುವುದಿಲ್ಲ, (x + 3/2)² + 1/4 ಎಂದು ಬರೆದಾಗ ಕಾಣುತ್ತದೆ. ಗೋಡೆ ಎರಡೂ ಕಡೆ ಕೊನೆಯಿಲ್ಲದೆ ಚಾಚಿದ್ದರೆ ಟಾರ್ಚ್ ಒಟ್ಟು ತಿರುಗುವುದು ಅರ್ಧ ಸುತ್ತು. ಹಾಗಾಗಿ ಈ ವಕ್ರರೇಖೆಯ ಕೆಳಗಿನ ಇಡೀ ವಿಸ್ತೀರ್ಣ ಸರಿಯಾಗಿ π.

ಈಗ ಒಂದು ತುಣುಕಿನ ವಿಸ್ತೀರ್ಣ ನೋಡೋಣ. x ಬೆಲೆ −1ರಿಂದ 0 ವರೆಗೆ ಎಂದಿಟ್ಟುಕೊಂಡರೆ, ಉತ್ತರ tan⁻¹3 − tan⁻¹1, ಸುಮಾರು 1.2490 − 0.7854 = 0.4636. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಅದೇ ಗುಂಡಿಗಳು 71.57 − 45 = 26.57 ಎಂದು ತೋರಿಸುತ್ತವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಬೀಳುವ ಹಳ್ಳ ಇದು. ತಪ್ಪನ್ನು ಹಿಡಿಯಲು ಸೂತ್ರ ಬೇಕಿಲ್ಲ. ಆ ತುಣುಕಿನ ಅಗಲ 1. ರೇಖೆಯ ಎತ್ತರ −1ರ ಬಳಿ 1 ಇದ್ದದ್ದು 0ಗೆ ಬರುವಷ್ಟರಲ್ಲಿ 0.2ಕ್ಕೆ ಇಳಿಯುತ್ತದೆ. ಅದರ ವಿಸ್ತೀರ್ಣ ಒಂದನ್ನು ದಾಟುವ ಮಾತೇ ಇಲ್ಲ. ಟಾರ್ಚಿನ ತಿರುಗುವ ದರವನ್ನು ಮೇಲೆ ಲೆಕ್ಕ ಹಾಕಿದ್ದು ರೇಡಿಯನ್‌ನಲ್ಲಿ, ಆದ್ದರಿಂದ ಕೋನವೂ ರೇಡಿಯನ್‌ನಲ್ಲೇ ಇರಬೇಕು.

ಉತ್ತರಪತ್ರಿಕೆಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ತಪ್ಪುಗಳು ಎರಡು: ಹೊರಗೆ ತೆಗೆದ 2 ಅನ್ನು ಮರೆಯುವುದು, ಇಲ್ಲವೇ ಸೂತ್ರದ 1/a ಯನ್ನು ಬಿಡುವುದು. ಮೊದಲನೆಯದರಲ್ಲಿ ಉತ್ತರ 2 tan⁻¹(2x + 3) ಎಂದಾಗುತ್ತದೆ, ಎರಡನೆಯದರಲ್ಲಿ (1/2) tan⁻¹(2x + 3) ಎಂದು. ಪೂರ್ತಿ ಅವಕಲನ ಮಾಡಿ ತಾಳೆ ನೋಡುವುದು ಒಳ್ಳೆಯದೇ, ಆದರೆ ಸಮಯವಿಲ್ಲದಿದ್ದರೆ ಒಂದೇ ಬಿಂದುವಿನಲ್ಲಿ ನೋಡಿದರೂ ಸಾಕು. ವರ್ಗ ಸೊನ್ನೆಯಾಗುವ x = −1.5 ಅದಕ್ಕೆ ತಕ್ಕ ಜಾಗ. ಅಲ್ಲಿ ಛೇದದ ಬೆಲೆ 0.5, ಆದ್ದರಿಂದ ಉಕ್ತಿಯ ಬೆಲೆ 2. ಸರಿಯಾದ ಉತ್ತರವನ್ನು ಅಲ್ಲಿ ಅವಕಲಿಸಿದರೆ 2 ಬರುತ್ತದೆ. ಮೊದಲ ತಪ್ಪಿನಲ್ಲಿ 4, ಎರಡನೆಯದರಲ್ಲಿ 1.

ಎಲ್ಲ ವರ್ಗೋಕ್ತಿಗಳೂ ಹೀಗೆ ಕೋನ ಕೊಡುವುದಿಲ್ಲ. ನಮ್ಮ ಛೇದದ ಕೊನೆಯ 5 ಅನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದರೆ ಟಾರ್ಚ್ ಗೋಡೆಗೆ ಹತ್ತಿರವಾಗುತ್ತದೆ, ವಕ್ರರೇಖೆಯ ಶಿಖರ ಮೇಲೇರಿ ಸೂಜಿಯಾಗುತ್ತದೆ. 4.5ಕ್ಕೆ ಬಂದಾಗ ಟಾರ್ಚ್ ಗೋಡೆಗೇ ತಾಗಿ, ಛೇದ ಬರೀ 2(x + 3/2)² ಆಗುತ್ತದೆ. ಆಗ ಉತ್ತರ −1/(2x + 3), ಟ್ಯಾನ್ ಇನ್ವರ್ಸ್‌ನ ಸುಳಿವೇ ಇಲ್ಲ. ಇನ್ನೂ ಇಳಿಸಿ 4 ಮಾಡಿದರೆ ಶ್ರೀಧರನ ಗುಣಾಕಾರ (4x + 6)² − 4 ಕೊಡುತ್ತದೆ. ಇದನ್ನು ಅಪವರ್ತಿಸಬಹುದು, ಮೂಲಗಳು −1 ಮತ್ತು −2. ಅನುಕಲಿಸಿದರೆ (1/2) log |(x + 1)/(x + 2)|, ಅಂದರೆ ಕೋನದ ಜಾಗದಲ್ಲಿ ಲಾಗರಿದಮ್. ಚಿಹ್ನೆ ನೋಡದೆ ಇಲ್ಲಿಯೂ ಟ್ಯಾನ್ ಇನ್ವರ್ಸ್ ಬರೆದವರಿಗೆ ಗ್ರಾಫ್ ಒಂದು ಎಚ್ಚರಿಕೆ ಕೊಡುತ್ತದೆ: ಟ್ಯಾನ್ ಇನ್ವರ್ಸ್ ಎಲ್ಲ ಕಡೆಯೂ ನಯವಾಗಿ ಏರುವಂಥದ್ದು, ಆದರೆ ಈ ಉಕ್ತಿ −1 ಮತ್ತು −2ರಲ್ಲಿ ಅನಂತಕ್ಕೆ ಸಿಡಿಯುತ್ತದೆ.

ಐದಕ್ಕೂ ನಾಲ್ಕಕ್ಕೂ ನಡುವೆ ಎಲ್ಲೋ ಕೋನವೊಂದು ಲಾಗರಿದಮ್ ಆಗಿ ಮಾರ್ಪಟ್ಟದ್ದು ಯುರೋಪಿನ ಗಣಿತಜ್ಞರನ್ನೂ ಕಾಡಿತು. ಸ್ವಿಟ್ಜರ್ಲೆಂಡ್‌ನ ಯೊಹಾನ್ ಬರ್ನೂಲಿ 1702ರಲ್ಲಿ, ವಾಸ್ತವ ಮೂಲಗಳಿಲ್ಲದ ಛೇದವನ್ನೂ ಕಾಲ್ಪನಿಕ ಸಂಖ್ಯೆಗಳನ್ನು ಬಳಸಿ ಒಡೆದು ನೋಡಿದ. ಹಾಗೆ ಒಡೆದಾಗ 1/(1 + x²) ಎಂಬುದರ ಅನುಕಲನವೂ ಲಾಗರಿದಮ್ ರೂಪಕ್ಕೇ ಬಂತು, ಆದರೆ ಕಾಲ್ಪನಿಕ ಸಂಖ್ಯೆಯ ಲಾಗರಿದಮ್. ಹಾಗಾದರೆ ಋಣಸಂಖ್ಯೆಗೂ ಕಾಲ್ಪನಿಕ ಸಂಖ್ಯೆಗೂ ಲಾಗರಿದಮ್ ಎಂದರೇನು ಎಂದು ಬರ್ನೂಲಿಗೂ ಲೈಬ್ನಿಟ್ಸ್‌ಗೂ ಪತ್ರಗಳಲ್ಲಿ ವಾಗ್ವಾದ ನಡೆಯಿತು. ಅದನ್ನು ಬಗೆಹರಿಸಿದವನು ಬರ್ನೂಲಿಯ ಶಿಷ್ಯ ಆಯ್ಲರ್, ಅದೂ ಹಲವು ದಶಕಗಳ ನಂತರ.