ಪಿವಿಟಿ ಕಾರ್ನರ್‌ಗಳು

ಪಿವಿಟಿ ಕಾರ್ನರ್ ಎಂಬುದು ಡಿಜಿಟಲ್ ಚಿಪ್‌ಗಳ ವಿನ್ಯಾಸದಲ್ಲಿ ಬಳಕೆಯಲ್ಲಿರುವ ಪಾರಿಭಾಷಿಕ ಪದ. ಪ್ರೊಸೆಸ್ ಅಂದರೆ ತಯಾರಿಕಾ ಪ್ರಕ್ರಿಯೆ, ವೋಲ್ಟೇಜ್ ಮತ್ತು ಟೆಂಪರೇಚರ್ ಅಂದರೆ ತಾಪಮಾನ, ಈ ಮೂರರ ಮೊದಲಕ್ಷರಗಳಿಂದ ಇದು ರೂಪುಗೊಂಡಿದೆ. ಈ ಮೂರು ಅಂಶಗಳೂ ಚಿಪ್‌ನ ವೇಗವನ್ನು ಬದಲಿಸುತ್ತವೆ. ಅವು ಏರಿಳಿಯಬಹುದಾದ ವ್ಯಾಪ್ತಿಯ ಅಂಚುಗಳನ್ನು ಜೋಡಿಸಿದಾಗ ದೊರೆಯುವ ಒಂದೊಂದು ಸನ್ನಿವೇಶವೂ ಒಂದು ಕಾರ್ನರ್, ಎಂದರೆ ಮೂಲೆ.

## ಮೂರು ಅಂಶಗಳು

ಒಂದೇ ಕಾರ್ಖಾನೆಯಲ್ಲಿ ಒಂದೇ ನಕ್ಷೆಯಂತೆ ತಯಾರಾದ ಎರಡು ಚಿಪ್‌ಗಳು ಸಂಪೂರ್ಣವಾಗಿ ಒಂದೇ ರೀತಿ ಇರುವುದಿಲ್ಲ. ಟ್ರಾನ್ಸಿಸ್ಟರ್‌ನ ಉದ್ದ, ಆಕ್ಸೈಡ್ ಪದರದ ದಪ್ಪ ಮತ್ತು ಬೆರೆಸಿದ ಕಲ್ಮಶದ ಪ್ರಮಾಣಗಳಲ್ಲಿ ಸಣ್ಣ ವ್ಯತ್ಯಾಸಗಳು ಉಳಿಯುತ್ತವೆ. ಆದ್ದರಿಂದ ಕೆಲವು ಚಿಪ್‌ಗಳು ವೇಗವಾಗಿಯೂ ಕೆಲವು ನಿಧಾನವಾಗಿಯೂ ಇರುತ್ತವೆ. ಪೂರೈಕೆಯ ವೋಲ್ಟೇಜ್ ತಗ್ಗಿದರೆ ಟ್ರಾನ್ಸಿಸ್ಟರ್ ಹರಿಸುವ ವಿದ್ಯುತ್ ಪ್ರವಾಹ ಕುಗ್ಗಿ, ವಿಳಂಬ ಹೆಚ್ಚುತ್ತದೆ. ತಾಪಮಾನದ ಪರಿಣಾಮ ಇಷ್ಟು ಸರಳವಲ್ಲ. ಅದನ್ನು ಮುಂದೆ ವಿವರಿಸಲಾಗಿದೆ.

2020ರಲ್ಲಿ ಸ್ಕೈವಾಟರ್ ಮತ್ತು ಗೂಗಲ್ ಸಂಸ್ಥೆಗಳು ಮುಕ್ತವಾಗಿ ಬಿಡುಗಡೆ ಮಾಡಿದ 130 ನ್ಯಾನೊಮೀಟರ್ ಪ್ರಕ್ರಿಯೆಯ ಕಡತಗಳಲ್ಲಿ ಈ ಮೂಲೆಗಳ ಹೆಸರುಗಳನ್ನು ನೋಡಬಹುದು:

```
sky130_fd_sc_hd__tt_025C_1v80
sky130_fd_sc_hd__ss_100C_1v60
sky130_fd_sc_hd__ff_n40C_1v95
```

ಮೊದಲನೆಯದು ಸಾಮಾನ್ಯ ಟ್ರಾನ್ಸಿಸ್ಟರ್‌ಗಳು, 25 ಡಿಗ್ರಿ ಸೆಲ್ಸಿಯಸ್ ಮತ್ತು 1.80 ವೋಲ್ಟ್ ಇರುವ ಸನ್ನಿವೇಶ. ಎರಡನೆಯದು ನಿಧಾನ ಟ್ರಾನ್ಸಿಸ್ಟರ್‌ಗಳು, 100 ಡಿಗ್ರಿ ಮತ್ತು 1.60 ವೋಲ್ಟ್, ಮೂರನೆಯದು ವೇಗದ ಟ್ರಾನ್ಸಿಸ್ಟರ್‌ಗಳು, ಶೂನ್ಯಕ್ಕಿಂತ 40 ಡಿಗ್ರಿ ಕೆಳಗೆ ಮತ್ತು 1.95 ವೋಲ್ಟ್.

## ನಿಧಾನ ಮೂಲೆಯಲ್ಲಿ ಸೆಟಪ್ ಪರೀಕ್ಷೆ

ಚಿಪ್‌ನಲ್ಲಿ ದತ್ತಾಂಶವು ಒಂದು ಫ್ಲಿಪ್-ಫ್ಲಾಪ್‌ನಿಂದ ಹೊರಟು, ತರ್ಕ ದ್ವಾರಗಳನ್ನು ಹಾದು, ಗಡಿಯಾರದ ಮುಂದಿನ ಬಡಿತಕ್ಕಿಂತ ಸ್ವಲ್ಪ ಮೊದಲೇ ಇನ್ನೊಂದು ಫ್ಲಿಪ್-ಫ್ಲಾಪ್ ತಲುಪಬೇಕು. ಹೀಗೆ ಮೊದಲೇ ತಲುಪಬೇಕೆಂಬ ನಿಯಮವೇ ಸೆಟಪ್.

ಉದಾಹರಣೆಗೆ, ಗಡಿಯಾರದ ಅವಧಿ 10 ನ್ಯಾನೊಸೆಕೆಂಡ್ ಎಂದಿಟ್ಟುಕೊಳ್ಳೋಣ. ಸಾಮಾನ್ಯ ಮೂಲೆಯಲ್ಲಿ ಪಥದ ವಿಳಂಬ ಮತ್ತು ಸೆಟಪ್ ಕಾಲ ಸೇರಿ 7 ನ್ಯಾನೊಸೆಕೆಂಡ್ ಆದರೆ 3 ನ್ಯಾನೊಸೆಕೆಂಡ್ ಉಳಿಯುತ್ತದೆ. ನಿಧಾನ ಮೂಲೆಯಲ್ಲಿ ಅದೇ ಮೊತ್ತ 1.6 ಪಟ್ಟಾದರೆ 11.2 ನ್ಯಾನೊಸೆಕೆಂಡ್ ಬೇಕಾಗುತ್ತದೆ, 1.2 ನ್ಯಾನೊಸೆಕೆಂಡ್ ಕೊರತೆ ಬೀಳುತ್ತದೆ. ಸಾಮಾನ್ಯ ಮೂಲೆಯನ್ನಷ್ಟೇ ನೋಡಿದವರಿಗೆ ಈ ದೋಷ ಕಾಣುವುದಿಲ್ಲ.

## ವೇಗದ ಮೂಲೆಯಲ್ಲಿ ಹೋಲ್ಡ್ ಪರೀಕ್ಷೆ

ನಿಧಾನ ಮೂಲೆಯಲ್ಲಿ ಗೆದ್ದ ಚಿಪ್ ಎಲ್ಲೆಡೆ ಗೆಲ್ಲುತ್ತದೆ ಎನ್ನುವಂತಿಲ್ಲ. ಗಡಿಯಾರ ಬಡಿದ ಮೇಲೂ ಹಳೆಯ ದತ್ತಾಂಶವು ಕ್ಷಣಕಾಲ ಕದಲದೆ ನಿಲ್ಲಬೇಕು. ಇದು ಹೋಲ್ಡ್ ನಿಯಮ. ಇಲ್ಲಿ ಅಪಾಯ ಬರುವುದು ದತ್ತಾಂಶ ಅತಿ ಬೇಗ ತಲುಪುವುದರಿಂದ.

ಎರಡು ಫ್ಲಿಪ್-ಫ್ಲಾಪ್‌ಗಳು ನೇರವಾಗಿ ಜೋಡಿಸಲ್ಪಟ್ಟಿವೆ ಎಂದು ಭಾವಿಸಿದರೆ, ಸಾಮಾನ್ಯ ಮೂಲೆಯಲ್ಲಿ ಹೊಸ ದತ್ತಾಂಶ 300 ಪಿಕೊಸೆಕೆಂಡಿಗೆ ತಲುಪುತ್ತದೆ. ಎರಡನೆಯದಕ್ಕೆ ಗಡಿಯಾರದ ಬಡಿತ 200 ಪಿಕೊಸೆಕೆಂಡ್ ತಡವಾಗಿ ಬರುತ್ತದೆ, ಹೋಲ್ಡ್ ಕಾಲ 50. ಹಳೆಯ ದತ್ತಾಂಶ 250ರವರೆಗೆ ಇದ್ದರೆ ಸಾಕು, ಆದ್ದರಿಂದ ತೊಂದರೆಯಿಲ್ಲ. ವೇಗದ ಮೂಲೆಯಲ್ಲಿ ದತ್ತಾಂಶ 180ಕ್ಕೇ ಬರುತ್ತದೆ, ಹೋಲ್ಡ್ ಕಾಲ 30ಕ್ಕೆ ಇಳಿಯುತ್ತದೆ. ಆದರೆ ಗಡಿಯಾರದ ತಡವು ಬಹುಮಟ್ಟಿಗೆ ಲೋಹದ ತಂತಿಯಿಂದ ಉಂಟಾದುದಾದರೆ, ಟ್ರಾನ್ಸಿಸ್ಟರ್ ಚುರುಕಾದಷ್ಟು ಅದು ಕುಗ್ಗದೆ 160ರಲ್ಲೇ ನಿಲ್ಲಬಹುದು. ಆಗ ಹಳೆಯ ದತ್ತಾಂಶ 190ರವರೆಗೆ ಇರಬೇಕಿತ್ತು, ಹೊಸದು 10 ಪಿಕೊಸೆಕೆಂಡ್ ಮೊದಲೇ ಅದನ್ನು ಅಳಿಸಿಬಿಡುತ್ತದೆ.

ಈ ಲೆಕ್ಕದಲ್ಲಿ ಗಡಿಯಾರದ ಅವಧಿ ಎಲ್ಲಿಯೂ ಬರುವುದಿಲ್ಲ. ತಯಾರಾದ ಚಿಪ್‌ನಲ್ಲಿ ಸೆಟಪ್ ದೋಷವಿದ್ದರೆ ಗಡಿಯಾರವನ್ನು ನಿಧಾನಗೊಳಿಸಿ ಬಳಸಬಹುದು. ಹೋಲ್ಡ್ ದೋಷವು ಗಡಿಯಾರವನ್ನು ಎಷ್ಟು ನಿಧಾನಗೊಳಿಸಿದರೂ ಹೋಗುವುದಿಲ್ಲ. ಪ್ರಯೋಗಾಲಯದಲ್ಲಿ ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಇದರಿಂದಲೇ. ವಿನ್ಯಾಸದ ಹಂತದಲ್ಲಿ ಪಥಕ್ಕೆ ವಿಳಂಬ ಬಫರ್ ಸೇರಿಸಿ ಹೋಲ್ಡ್ ದೋಷವನ್ನು ಸರಿಪಡಿಸುತ್ತಾರೆ. ಆದರೆ ಆ ಬಫರ್ ನಿಧಾನ ಮೂಲೆಯಲ್ಲಿ ಇನ್ನೂ ಹೆಚ್ಚು ತಡಮಾಡುವುದರಿಂದ, ಅಲ್ಲಿ ಸೆಟಪ್ ಅನ್ನು ಮತ್ತೆ ಪರೀಕ್ಷಿಸಬೇಕು.

## ತಾಪಮಾನದ ವಿಪರ್ಯಯ

ತಾಪಮಾನ ಏರಿದಾಗ ಎರಡು ವಿರುದ್ಧ ಪರಿಣಾಮಗಳಾಗುತ್ತವೆ. ವಿದ್ಯುದ್ವಾಹಕ ಕಣಗಳ ಚಲನಶೀಲತೆ ತಗ್ಗಿ ಟ್ರಾನ್ಸಿಸ್ಟರ್ ನಿಧಾನವಾಗುತ್ತದೆ. ಜೊತೆಗೆ, ಅದು ತೆರೆಯಲು ಬೇಕಾದ ಹೊಸ್ತಿಲು ವೋಲ್ಟೇಜ್ ಇಳಿದು ಅದು ವೇಗವಾಗುತ್ತದೆ. ಪೂರೈಕೆಯ ವೋಲ್ಟೇಜ್ ಹೊಸ್ತಿಲಿಗಿಂತ ಬಹಳ ಹೆಚ್ಚಿದ್ದಾಗ ಮೊದಲನೆಯದು ಮೇಲುಗೈ ಪಡೆಯುತ್ತದೆ. ವೋಲ್ಟೇಜ್ ಹೊಸ್ತಿಲಿನ ಸಮೀಪಕ್ಕೆ ಇಳಿದಾಗ ಎರಡನೆಯದು ಗೆದ್ದು, ಚಳಿಯಲ್ಲಿಯೇ ಚಿಪ್ ಅತಿ ನಿಧಾನವಾಗುತ್ತದೆ. ಆದಕಾರಣ ನಿಧಾನ ಮೂಲೆಯನ್ನು ಬಿಸಿ ಮತ್ತು ಚಳಿ ಎರಡರಲ್ಲೂ ಪರೀಕ್ಷಿಸುವುದು ವಾಡಿಕೆ.

## ಮಿತಿ

ಕಾರ್ನರ್ ಪರೀಕ್ಷೆಯು ಇಡೀ ಚಿಪ್ ಒಂದೇ ಸ್ಥಿತಿಯಲ್ಲಿದೆ ಎಂದು ಊಹಿಸುತ್ತದೆ. ವಾಸ್ತವದಲ್ಲಿ ಒಂದೇ ಚಿಪ್‌ನ ಒಂದು ಭಾಗ ಬಿಸಿಯಾಗಿ, ಇನ್ನೊಂದು ತಂಪಾಗಿರಬಹುದು; ನೆರೆಹೊರೆಯ ಟ್ರಾನ್ಸಿಸ್ಟರ್‌ಗಳೂ ಭಿನ್ನವಾಗಿರಬಹುದು. ಈ ಆಂತರಿಕ ವ್ಯತ್ಯಾಸಕ್ಕಾಗಿ ಪ್ರತಿಯೊಂದು ಮೂಲೆಯಲ್ಲೂ ವಿಳಂಬದ ಲೆಕ್ಕಕ್ಕೆ ಪ್ರತ್ಯೇಕ ಸುರಕ್ಷತಾ ಅಂತರವನ್ನು ಸೇರಿಸಲಾಗುತ್ತದೆ.