ಗಂಟಲು ನೋವಿಗೆ ಹುಣಸೆಹಣ್ಣು ಕಾರಣಾನಾ?

ಗಂಟಲು ನೋವು ಅಂತ ಮನೆಗೆ ಫೋನ್ ಮಾಡಿ ಹೇಳಿದರೆ ಬರೋ ಮೊದಲ ಪ್ರಶ್ನೆ ನಮಗೆಲ್ಲ ಗೊತ್ತಿರೋದೇ: "ಹುಳಿ ಏನಾದ್ರೂ ತಿಂದ್ಯಾ?" ಅದರ ಹಿಂದೆಯೇ "ಇನ್ನು ನಾಲ್ಕು ದಿನ ಉಪ್ಪಿನಕಾಯಿ ಮುಟ್ಟಬೇಡ" ಅನ್ನೋ ಆಜ್ಞೆ. ಆದರೆ ಅದೇ ಮನೆಯಲ್ಲಿ ಶೀತ ಆದಾಗ ಬಿಸಿಬಿಸಿ ಮೆಣಸಿನ ಸಾರು ಮಾಡಿ ಕುಡಿಸ್ತಾರೆ. ಅದರಲ್ಲೂ ಹುಣಸೆಹಣ್ಣು ಇದ್ದೇ ಇರುತ್ತೆ. ಹಾಗಾದರೆ ಹುಳಿಯಿಂದ ಗಂಟಲಿಗೆ ನಿಜವಾಗಿ ಏನಾಗುತ್ತೆ ಅಂತ ಒಮ್ಮೆ ಸರಿಯಾಗಿ ನೋಡೋಣ.

ಮೊದಲು ಕಾರಣದ ವಿಷಯ. ನಮ್ಮ ವಯಸ್ಸಿನವರಿಗೆ ಬರೋ ಗಂಟಲು ನೋವಿನಲ್ಲಿ ಹೆಚ್ಚಿನದು ಶೀತದ ವೈರಸ್‌ಗಳಿಂದ ಬರೋದು. ಹುಣಸೆಹಣ್ಣಿನಲ್ಲಿರೋದು ಟಾರ್ಟಾರಿಕ್ ಆಸಿಡ್, ನಿಂಬೆಹಣ್ಣಿನಲ್ಲಿರೋದು ಸಿಟ್ರಿಕ್ ಆಸಿಡ್. ಇವು ವೈರಸ್ಸನ್ನು ಹುಟ್ಟಿಸೋದೂ ಇಲ್ಲ, ಬೆಳೆಸೋದೂ ಇಲ್ಲ. ಗೊಂದಲ ಹುಟ್ಟೋದು ಟೈಮಿಂಗ್‌ನಿಂದ. ಭಾನುವಾರ ಮಧ್ಯಾಹ್ನ ಮೆಸ್‌ನಲ್ಲಿ ಪುಳಿಯೋಗರೆ ತಿಂದವನಿಗೆ ಸೋಮವಾರ ಬೆಳಿಗ್ಗೆ ಗಂಟಲು ನೋವು ಬಂತು ಅಂದುಕೊಳ್ಳಿ. ತಪ್ಪು ಪುಳಿಯೋಗರೆಯದ್ದು ಅನಿಸೋದು ಸಹಜ. ಆದರೆ ಶೀತದ ವೈರಸ್ ಒಳಗೆ ಹೋದಮೇಲೆ ಲಕ್ಷಣ ಕಾಣಿಸಿಕೊಳ್ಳೋಕೆ ಸಾಮಾನ್ಯವಾಗಿ 1ರಿಂದ 3 ದಿನ ಬೇಕು. ಶುಕ್ರವಾರದಿಂದ ಮೂಗು ಸೋರಿಸ್ತಾ ಇದ್ದ ರೂಮ್‌ಮೇಟ್ ಜೊತೆ ಒಂದೇ ಬಾಟಲಿಯಲ್ಲಿ ನೀರು ಕುಡಿದಿದ್ದು ಅವನಿಗೆ ನೆನಪೇ ಇರೋದಿಲ್ಲ. ಪುಳಿಯೋಗರೆ ಮಾತ್ರ ನೆನಪಿರುತ್ತೆ.

ಹಾಗಂತ ಮನೆಯವರು ಹೇಳೋದು ಬರೀ ಸುಳ್ಳಲ್ಲ. ಗಂಟಲು ಕೆಂಪಾಗಿರುವಾಗ ಉಪ್ಪಿನಕಾಯಿ ತಿಂದರೆ ಉರಿಯೋದು ನಿಜ. ಅದಕ್ಕೆ ಕಾರಣ ನಮ್ಮ ನೋವಿನ ನರಗಳ ತುದಿಯಲ್ಲಿರೋ ಟಿಆರ್‌ಪಿವಿ1 ಅನ್ನೋ ರಿಸೆಪ್ಟರ್. ಇದನ್ನು ಒಂದು ಸೆನ್ಸರ್ ಅಂದುಕೊಳ್ಳಿ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ಅದು "ಸುಡ್ತಾ ಇದೆ" ಅಂತ ಮೆದುಳಿಗೆ ಸಿಗ್ನಲ್ ಕಳಿಸುತ್ತೆ. ಮೆಣಸಿನಕಾಯಿಯ ಖಾರ ತಾಗಿದರೂ ಇದೇ ಸೆನ್ಸರ್ ಅದೇ ಸಿಗ್ನಲ್ ಕಳಿಸುತ್ತೆ, ಅದಕ್ಕೇ ಖಾರ ತಿಂದಾಗ ಬಾಯಿ ಸುಟ್ಟಂಗಾಗೋದು. ಆಸಿಡ್ ತಾಗಿದಾಗ ಈ ಸೆನ್ಸರ್‌ನ ಥ್ರೆಶೋಲ್ಡ್ ಕೆಳಗಿಳಿಯುತ್ತೆ. ಗಂಟಲು ಊದಿಕೊಂಡಾಗ ಅಲ್ಲಿ ಬಿಡುಗಡೆಯಾಗೋ ರಾಸಾಯನಿಕಗಳೂ ಅದನ್ನು ಕೆಳಗಿಳಿಸುತ್ತವೆ. ಆಗ ಮಾಮೂಲಿ ಬೆಚ್ಚಗಿನ ಸಾರು ಕೂಡ ಸುಟ್ಟಂಗೆ ಅನಿಸುತ್ತೆ. ಉಪ್ಪಿನಕಾಯಿಯಲ್ಲಂತೂ ಹುಳಿ, ಖಾರ, ಉಪ್ಪು ಮೂರೂ ಒಟ್ಟಿಗೆ ಬಂದು ಬೀಳುತ್ತವೆ.

ಆದರೆ ಸೆನ್ಸರ್ ಕೂಗ್ತಾ ಇದೆ ಅಂದ ಮಾತ್ರಕ್ಕೆ ಕಾಯಿಲೆ ಜಾಸ್ತಿ ಆಯ್ತು ಅಂತಲ್ಲ. ಆಸಿಡ್ ಅಲ್ಲೇ ಉಳಿಯೋದೂ ಇಲ್ಲ. ಎಂಜಲಿನಲ್ಲಿರೋ ಬೈಕಾರ್ಬನೇಟ್ ಅದನ್ನು ತಟಸ್ಥ ಮಾಡುತ್ತೆ, ಉಳಿದದ್ದು ನುಂಗಿದಾಗ ಕೆಳಗೆ ಹೋಗುತ್ತೆ, ಸ್ವಲ್ಪ ಹೊತ್ತಿಗೆ ಉರಿ ಇಳಿಯುತ್ತೆ. ಪ್ರಮಾಣವೂ ಮುಖ್ಯ. ಹುಣಸೆಹಣ್ಣಿನ ತಿರುಳಿನ ಪಿಎಚ್ ಸುಮಾರು 3. ಸಾರಿನಲ್ಲಿ ಅದಕ್ಕೆ ಬೇಳೆಕಟ್ಟು, ನೀರು ಎಲ್ಲ ಸೇರಿ ಹುಳಿ ತೆಳುವಾಗಿರುತ್ತೆ. ಅದಕ್ಕೇ ಉಪ್ಪಿನಕಾಯಿ ಚುಚ್ಚಿದ ಗಂಟಲಿಗೆ ಅದೇ ದಿನ ತೆಳು ಸಾರು ಹಿತ ಅನಿಸೋದು. ಮನೆಯವರ ಎರಡೂ ಮಾತು ಅನುಭವದಿಂದಲೇ ಬಂದಿರೋದು. ಹಾಗಾಗಿ ನಿಯಮ ಸರಳ: ತಿಂದರೆ ಉರಿಯುತ್ತೆ ಅಂದರೆ ಎರಡು ಮೂರು ದಿನ ಬಿಡಿ, ಉರಿಯಲ್ಲ ಅಂದರೆ ತಿನ್ನಿ. ಹುಳಿ ಬಿಟ್ಟ ಮಾತ್ರಕ್ಕೆ ಶೀತ ಬೇಗ ಹೋಗೋದಿಲ್ಲ.

ಇನ್ನೊಂದು ತರದ ಗಂಟಲು ನೋವಿದೆ. ಅಲ್ಲಿ ಹುಳಿಯ ಲೆಕ್ಕ ಬೇರೆ. ಇಂಟರ್ನಲ್ಸ್ ಸಮಯದ ಒಬ್ಬ ಹಾಸ್ಟೆಲ್ ವಿದ್ಯಾರ್ಥಿಯ ದಿನಚರಿ ತಗೊಳ್ಳಿ. 8 ಗಂಟೆಗೆ ಮೆಸ್ ಊಟ. 11:30ಕ್ಕೆ ಗೇಟ್ ಹತ್ತಿರದ ಗಾಡಿಯಿಂದ ಎಗ್ ರೈಸ್, ಜೊತೆಗೊಂದು ಕೋಲಾ. 12:30ಕ್ಕೆ ಹಾಸಿಗೆ. ಬೆಳಿಗ್ಗೆ ಎದ್ದಾಗ ಗಂಟಲು ಕೆರೆತ, ದನಿ ಒಡೆದಿರುತ್ತೆ, ಬಾಯಲ್ಲಿ ಹುಳಿ ಹುಳಿ. ಜ್ವರ ಇಲ್ಲ, ಮೂಗು ಸೋರಲ್ಲ. ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತೆ, ಮಾರನೇ ದಿನ ಮತ್ತೆ ಅದೇ ಕಥೆ. ಹೀಗೇ ಮೂರು ವಾರ.

ಇದು ಶೀತದ ಲಕ್ಷಣ ಅಲ್ಲ. ಶೀತದ ಗಂಟಲು ನೋವು ಒಂದು ವಾರದೊಳಗೆ ಹೋಗಿರುತ್ತೆ. ಇಲ್ಲಿ ಆಸಿಡ್ ಬರ್ತಾ ಇರೋದು ತಟ್ಟೆಯಿಂದಲ್ಲ, ಹೊಟ್ಟೆಯಿಂದ. ಅನ್ನನಾಳದ ತುದಿಯಲ್ಲಿ ಒಂದು ವಾಲ್ವ್ ತರದ ಸ್ನಾಯು ಇದೆ. ಹೊಟ್ಟೆ ತುಂಬಾ ಎಣ್ಣೆ ಪದಾರ್ಥ ತಿಂದು ತಕ್ಷಣ ಮಲಗಿದರೆ ಅದು ಸಡಿಲಾಗಿ, ಹೊಟ್ಟೆಯ ರಸ ಗಂಟಲಿನ ತನಕ ಬರಬಹುದು. ಹೊಟ್ಟೆಯ ರಸದ ಪಿಎಚ್ 2ರ ಆಸುಪಾಸು. ಪಿಎಚ್ ಲಾಗ್ ಸ್ಕೇಲ್ ಅಲ್ವಾ? 3ಕ್ಕಿಂತ 2 ಅಂದರೆ ಹತ್ತು ಪಟ್ಟು ಜಾಸ್ತಿ ಆಸಿಡ್. ಜೊತೆಗೆ ಪೆಪ್ಸಿನ್ ಅನ್ನೋ ಪ್ರೋಟೀನ್ ಕರಗಿಸೋ ಎನ್‌ಜೈಮ್ ಕೂಡ ಮೇಲೆ ಬರುತ್ತೆ. ನಿದ್ದೆಯಲ್ಲಿ ನಾವು ನುಂಗೋದು ಕಡಿಮೆ, ಎಂಜಲು ಊರೋದೂ ಕಡಿಮೆ, ಹಾಗಾಗಿ ಅದನ್ನು ತೊಳೆಯೋಕೆ ಅಲ್ಲಿ ಯಾರೂ ಇಲ್ಲ.

ಈ ತೊಂದರೆ ಇರೋರಿಗೆ ಮಾತ್ರ ಹುಳಿ ಕಡಿಮೆ ಮಾಡಿ ಅಂತ ಡಾಕ್ಟರ್‌ಗಳೂ ಹೇಳ್ತಾರೆ. ಆದರೆ ಮೊದಲು ಬದಲಾಯಿಸಬೇಕಾದ್ದು ಟೈಮಿಂಗ್. ಕೊನೆಯ ಊಟಕ್ಕೂ ಮಲಗೋದಕ್ಕೂ ಕನಿಷ್ಠ 3 ಗಂಟೆ ಅಂತರ ಇರಲಿ. ರಾತ್ರಿ ಕೋಲಾ, ಕಾಫಿ, ಕರಿದದ್ದು ಬೇಡ. ಕೆಲವು ವಾರ ಹೀಗೆ ಮಾಡಿ ಬೆಳಗಿನ ಕೆರೆತ ಕಡಿಮೆಯಾದರೆ ಕಾರಣ ಬಹುಶಃ ಇದೇ. ಆಗದಿದ್ದರೆ ಡಾಕ್ಟರ್‌ಗೆ ತೋರಿಸಿ.

ಶೀತದ ಗಂಟಲು ನೋವಿನಲ್ಲಿ ಹುಳಿಯ ಬದಲು ಬಿಡಬೇಕಾದ್ದು ಬೇರೆ ಇವೆ. ಒಂದು, ಸಿಗರೇಟು ಮತ್ತು ಅದು ಸೇದೋರ ಪಕ್ಕ ನಿಲ್ಲೋದು. ಹೊಗೆ ಗಂಟಲಿನ ಒಳಪದರವನ್ನು ನಿಜವಾಗಿ ಕೆಡಿಸುತ್ತೆ. ಎರಡು, ಹೊಗೆಯಾಡೋ ಚಹಾವನ್ನು ಹಾಗೇ ಗುಟುಕರಿಸೋದು. ಬೆಚ್ಚಗೆ ಹಿತ, ಸುಡೋಷ್ಟು ಬಿಸಿ ಬೇಡ. ಮೂರು, ಚಿಪ್ಸ್, ಗರಿಗರಿ ಟೋಸ್ಟ್ ತರದ ಗೀರೋ ತಿಂಡಿ. ನಾಲ್ಕು, ಫೆಸ್ಟ್‌ನಲ್ಲಿ ಕಿರುಚೋದು. ಐದು, ಮೆಡಿಕಲ್ ಶಾಪ್‌ನಲ್ಲಿ ನಾವೇ ಕೇಳಿ ಆ್ಯಂಟಿಬಯಾಟಿಕ್ ತಗೊಳ್ಳೋದು. ಅದು ವೈರಸ್ ಮೇಲೆ ಕೆಲಸ ಮಾಡಲ್ಲ. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ದಿನಕ್ಕೆ ಮೂರ್ನಾಲ್ಕು ಸಲ ಗಂಟಲು ಮುಕ್ಕಳಿಸಿದರೆ ನೋವು ಸ್ವಲ್ಪ ತಗ್ಗುತ್ತೆ.

ಆದರೆ ಕೆಮ್ಮು, ನೆಗಡಿ ಏನೂ ಇಲ್ಲದೆ 38 ಡಿಗ್ರಿ ದಾಟಿದ ಜ್ವರ, ಟಾನ್ಸಿಲ್ ಮೇಲೆ ಬಿಳಿ ಚುಕ್ಕೆ, ಕತ್ತಿನಲ್ಲಿ ಒತ್ತಿದರೆ ನೋಯೋ ಗಂಟು ಇದ್ದರೆ ಡಾಕ್ಟರ್ ಹತ್ತಿರ ಹೋಗಿ. ಅದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇರಬಹುದು. ಅದಕ್ಕೆ ಆ್ಯಂಟಿಬಯಾಟಿಕ್ ಬೇಕು, ಪೂರ್ತಿ ಕೋರ್ಸ್ ಮುಗಿಸಲೂಬೇಕು. ಹಾಗೇ ಬಿಟ್ಟರೆ ಕೆಲವರಲ್ಲಿ ರುಮ್ಯಾಟಿಕ್ ಜ್ವರವಾಗಿ ಹೃದಯದ ಕವಾಟಗಳಿಗೆ ಪೆಟ್ಟು ಬೀಳುತ್ತೆ. ಎಂಜಲು ನುಂಗೋಕಾಗದಿದ್ದರೆ, ಬಾಯಿ ತೆರೆಯೋಕಾಗದಿದ್ದರೆ, ಉಸಿರಾಡೋಕೆ ಕಷ್ಟ ಆದರೆ ಬೆಳಗಿನ ತನಕ ಕಾಯಬೇಡಿ, ರಾತ್ರಿಯೇ ವಾರ್ಡನ್‌ಗೆ ಹೇಳಿ ಆಸ್ಪತ್ರೆಗೆ ಹೊರಡಿ.