ಶುಕ್ರಭುಕ್ತಿಯ ಮೂರು ವರ್ಷ, ಚರದಶೆಯ ಒಂಬತ್ತು ತಿಂಗಳು

ಮದುವೆ ಯಾವಾಗ ಎಂದು ಕೇಳಿದರೆ ನಮ್ಮ ಜೋಯಿಸರು ಗುರುಬಲ ನೋಡುತ್ತಾರೆ, ಜೊತೆಗೆ ನಡೆಯುತ್ತಿರುವ ದಶಾಭುಕ್ತಿ ನೋಡುತ್ತಾರೆ. ಆ ದಶಾಭುಕ್ತಿ ವಿಂಶೋತ್ತರಿಯದು. ಸಪ್ತಮಾಧಿಪತಿಯ ಭುಕ್ತಿಯಲ್ಲೋ ಶುಕ್ರನ ಭುಕ್ತಿಯಲ್ಲೋ ಮದುವೆ ಎಂದು ಹೇಳುವುದು ರೂಢಿ. ಆದರೆ ಒಂದು ಭುಕ್ತಿಯೇ ಮೂರು ವರ್ಷ ಹಿಡಿದರೆ ಆ ಉತ್ತರದಿಂದ ಹೆಚ್ಚೇನೂ ತಿಳಿದಂತಾಗುವುದಿಲ್ಲ. ಆಗ ಕೆಲವರು ಜೈಮಿನಿ ಪದ್ಧತಿಯ ಚರದಶೆಯನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ.

ವಿಂಶೋತ್ತರಿಯಲ್ಲಿ ದಶೆ ಗ್ರಹದ್ದು, ಅದು ಶುರುವಾಗುವುದು ಚಂದ್ರನ ನಕ್ಷತ್ರದಿಂದ. ಚರದಶೆಯಲ್ಲಿ ದಶೆ ರಾಶಿಯದು, ಅದು ಶುರುವಾಗುವುದು ಲಗ್ನದಿಂದ. ಲೆಕ್ಕ ತೋರಿಸಲೆಂದೇ ಹೆಣೆದ ಒಂದು ಜಾತಕ ತೆಗೆದುಕೊಳ್ಳೋಣ. ಮೇಷ ಲಗ್ನ, ಸಿಂಹದಲ್ಲಿ ಕುಜ ಮತ್ತು ಗುರು, ವೃಶ್ಚಿಕದಲ್ಲಿ ರವಿ ಮತ್ತು ಬುಧ, ಧನುವಿನಲ್ಲಿ ಶುಕ್ರ, ಚಂದ್ರ ಮಕರದಲ್ಲಿ, ಶ್ರವಣ ನಕ್ಷತ್ರದ ನಟ್ಟನಡುವೆ.

ಮೊದಲು ವಿಂಶೋತ್ತರಿ. ನಕ್ಷತ್ರ ಅರ್ಧ ಕಳೆದಿರುವುದರಿಂದ ಹುಟ್ಟುವಾಗ ಚಂದ್ರದಶೆಯ ಶಿಷ್ಟ 5 ವರ್ಷ. ಕುಜದಶೆ 12ನೇ ವಯಸ್ಸಿಗೆ ಮುಗಿದು ರಾಹುದಶೆ 30ರವರೆಗೆ ಸಾಗುತ್ತದೆ. ಅದರಲ್ಲಿ ಶುಕ್ರಭುಕ್ತಿ ಬರುವುದು ಸುಮಾರು ಇಪ್ಪತ್ತಮೂರೂವರೆಯಿಂದ ಇಪ್ಪತ್ತಾರೂವರೆಯವರೆಗೆ. ತುಲಾಧಿಪತಿಯಾಗಿ ಶುಕ್ರ ಸಪ್ತಮಾಧಿಪತಿಯೂ ಹೌದು, ಕಳತ್ರಕಾರಕನೂ ಹೌದು. ಈ ಮೂರು ವರ್ಷವನ್ನು ಯಾವ ಜೋಯಿಸರೂ ಬಿಡುವುದಿಲ್ಲ.

ಈಗ ಚರದಶೆ. ಕೆ.ಎನ್. ರಾವ್ ಬಳಕೆಗೆ ತಂದ ಕ್ರಮದಲ್ಲಿ ಮೇಷ ಲಗ್ನಕ್ಕೆ ದಶೆಗಳು ಮೇಷ, ವೃಷಭ, ಮಿಥುನ ಎಂದು ನೇರವಾಗಿ ಸಾಗುತ್ತವೆ. ದಶೆಯ ವರ್ಷ ತಿಳಿಯಲು ರಾಶಿಯಿಂದ ಅದರ ಅಧಿಪತಿ ಇರುವ ಮನೆಯವರೆಗೆ ಎಣಿಸಿ ಒಂದು ಕಳೆಯಬೇಕು. ಮೇಷದಿಂದ ಕುಜನಿರುವ ಸಿಂಹ ಐದನೆಯದು, ಹಾಗಾಗಿ 4 ವರ್ಷ. ಇದೇ ರೀತಿ ವೃಷಭಕ್ಕೆ 7, ಮಿಥುನಕ್ಕೆ 5. ಕರ್ಕಾಟಕ ಮತ್ತು ಸಿಂಹಗಳಿಗೆ ಹಿಮ್ಮುಖವಾಗಿ ಎಣಿಸಬೇಕು. ಆಗ 6 ಮತ್ತು 9 ಸಿಗುತ್ತವೆ. ಅಲ್ಲಿಗೆ 22ರಿಂದ 31ರವರೆಗೆ ಸಿಂಹದಶೆ. ದಶೆಗೆ ಎಷ್ಟು ವರ್ಷವೋ ಒಂದೊಂದು ಅಂತರ್ದಶೆಗೆ ಅಷ್ಟು ತಿಂಗಳು, ಇಲ್ಲಿ ಒಂಬತ್ತು. ಎಣಿಕೆ ಕನ್ಯಾದಿಂದ ಶುರುವಾಗಿ ಸಿಂಹದಲ್ಲೇ ಮುಗಿಯುತ್ತದೆ.

ಮದುವೆಗೆ ನೋಡಬೇಕಾದದ್ದು ಎರಡು. ರವಿಯಿಂದ ಶನಿಯವರೆಗಿನ ಏಳು ಗ್ರಹಗಳಲ್ಲಿ ಅತಿ ಕಡಿಮೆ ಡಿಗ್ರಿಯಲ್ಲಿರುವುದು ದಾರಕಾರಕ. ಇಲ್ಲಿ 2 ಡಿಗ್ರಿಯ ಕುಜ. ಹನ್ನೆರಡನೇ ಮನೆಯ ಆರೂಢ ಉಪಪದ. ಮೀನದಿಂದ ಅದರ ಅಧಿಪತಿ ಗುರು ಆರನೆಯ ಮನೆಯಲ್ಲಿದ್ದಾನೆ, ಅಲ್ಲಿಂದ ಮತ್ತೆ ಆರು ಎಣಿಸಿದರೆ ಮಕರ. ದಾರಕಾರಕ ಸಿಂಹದಲ್ಲೇ ಇರುವುದರಿಂದ ಮಹಾದಶೆ ಒಪ್ಪಿತು. ಮಕರವು ಉಪಪದವೂ ಹೌದು, ರಾಶಿದೃಷ್ಟಿಯಿಂದ ಸಿಂಹವನ್ನು ನೋಡುವ ರಾಶಿಯೂ ಹೌದು. ಮಕರ ಅಂತರ್ದಶೆ 25ಕ್ಕೆ ಶುರುವಾಗಿ 25 ವರ್ಷ 9 ತಿಂಗಳಿಗೆ ಮುಗಿಯುತ್ತದೆ. ಶುಕ್ರಭುಕ್ತಿಯ ಒಳಗೇ ಕೂರುತ್ತದೆ. ಮೂರು ವರ್ಷ ಒಂಬತ್ತು ತಿಂಗಳಿಗೆ ಇಳಿಯಿತು.

ಎರಡೂ ಪದ್ಧತಿ ಕೆಡುವುದು ಬೇರೆ ಬೇರೆ ಕಡೆ. ಲಾಹಿರಿ ಅಯನಾಂಶ ಬಿಟ್ಟು ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶ ಹಿಡಿದರೆ ಚಂದ್ರ ಸುಮಾರು ಒಂದೂವರೆ ಡಿಗ್ರಿ ಮುಂದೆ ಹೋಗುತ್ತಾನೆ. ಈ ಜಾತಕದಲ್ಲಿ ಶುಕ್ರಭುಕ್ತಿ ಒಂದು ವರ್ಷಕ್ಕೂ ತುಸು ಹೆಚ್ಚು ಹಿಂದೆ ಸರಿದು, ಇಪ್ಪತ್ತೈದೂವರೆಯ ಹೊತ್ತಿಗೇ ಮುಗಿದುಬಿಡುತ್ತದೆ. ಗ್ರಹವಾಗಲಿ ಲಗ್ನವಾಗಲಿ ರಾಶಿ ದಾಟದಿದ್ದರೆ ಚರದಶೆ ಒಂದು ದಿನವೂ ಅಲುಗದು. ಜನನ ಸಮಯದ ವಿಷಯದಲ್ಲಿ ಇದು ತಿರುವುಮುರುವು. ನಾಲ್ಕು ನಿಮಿಷ ತಪ್ಪಿದರೆ ಈ ಜಾತಕದ ವಿಂಶೋತ್ತರಿಯಲ್ಲಿ ಸುಮಾರು ಹತ್ತು ದಿನದ ವ್ಯತ್ಯಾಸ. ಲಗ್ನ ಮೇಷದ ಕೊನೆಯ ಡಿಗ್ರಿಯಲ್ಲಿದ್ದರೆ ಅದೇ ನಾಲ್ಕು ನಿಮಿಷಕ್ಕೆ ವೃಷಭವಾಗುತ್ತದೆ, ದಶಾಕ್ರಮವೇ ಹಿಮ್ಮುಖವಾಗುತ್ತದೆ, ಉಪಪದವೂ ಬದಲಾಗಬಹುದು. ಆದ್ದರಿಂದ ಚರದಶೆಗೆ ಕೈಹಾಕುವ ಮುನ್ನ ಲಗ್ನದ ಡಿಗ್ರಿ ನೋಡಿ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ದಾರಕಾರಕ ಅಥವಾ ಉಪಪದ ಇರುವ ಇಲ್ಲವೇ ಅವನ್ನು ನೋಡುವ ರಾಶಿಗಳನ್ನೆಲ್ಲ ಒಪ್ಪಿದರೆ ಈ ಜಾತಕದಲ್ಲಿ ಮೇಷ, ವೃಷಭ, ಸಿಂಹ, ತುಲಾ, ವೃಶ್ಚಿಕ, ಮಕರ ಸೇರಿ ಹನ್ನೆರಡರಲ್ಲಿ ಆರು ರಾಶಿ ಅರ್ಹವಾಗುತ್ತವೆ. ಅಂದರೆ ಸಿಂಹದಶೆಯಲ್ಲಿ ಮದುವೆ ಯಾವಾಗ ಆದರೂ ಚರದಶೆ ಹೊಂದಿತೆನ್ನಲು ಅರ್ಧಕ್ಕರ್ಧ ಅವಕಾಶ ಮೊದಲೇ ಇದೆ. ಎರಡಕ್ಕೂ ಸಂಬಂಧ ಇರಲೇಬೇಕೆಂದು ನಿಯಮ ಬಿಗಿ ಮಾಡಿದರೆ ಉಳಿಯುವುದು ಮಕರ ಮತ್ತು ಸಿಂಹ ಮಾತ್ರ. ದಶೆಗಳಿಂದ ಮದುವೆಯ ಕಾಲ ತಿಳಿಯುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆಯಿಲ್ಲ. ನಿಮ್ಮ ಮಟ್ಟಿಗೆ ಪರೀಕ್ಷಿಸಬೇಕೆಂದರೆ ಮದುವೆಯ ತಾರೀಖು ಕೇಳುವ ಮೊದಲೇ ಅಯನಾಂಶ, ನಿಯಮ, ತಿಂಗಳುಗಳನ್ನು ಕಾಗದದಲ್ಲಿ ಬರೆದಿಡಿ. ತಪ್ಪಿದ ಜಾತಕಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.